ಮನೆಯಿಂದ ಕೋಡಿಂಗ್ ಸಂದರ್ಶನ: ಕರೆಂಟು ಹೋದರೂ, ಲೈನ್ ಕಡಿದರೂ ಮಾತು ನಿಲ್ಲದಂತೆ ಸಿದ್ಧರಾಗುವ ಬಗೆ

ಮನೆಯಿಂದ ಕೋಡಿಂಗ್ ಸಂದರ್ಶನಕ್ಕೆ ಕೂರುವವರು ಅಲ್ಗಾರಿದಮ್‌ಗಳ ಅಭ್ಯಾಸಕ್ಕೆ ತಿಂಗಳುಗಟ್ಟಲೆ ಸಮಯ ಕೊಡುತ್ತಾರೆ. ಕೂರುವ ಕೋಣೆಯ ಸಂಪರ್ಕವನ್ನು ಮಾತ್ರ ಹಿಂದಿನ ರಾತ್ರಿ ಒಂದು ಸ್ಪೀಡ್ ಟೆಸ್ಟ್ ಮಾಡಿ ಮುಗಿಸಿಬಿಡುತ್ತಾರೆ. ಸಂದರ್ಶನ ತೆಗೆದುಕೊಳ್ಳುವ ಬದಿಯಲ್ಲಿ ಕೂರುವ ನನಗೆ ಕಂಡಿರುವುದೇನೆಂದರೆ, ನೆಟ್‌ವರ್ಕ್ ನಿಧಾನವಾಗಿ ಕೆಟ್ಟ ಸಂದರ್ಶನಗಳಿಗಿಂತ, ಸಂಪರ್ಕ ತುಂಡಾದ ಮರುಕ್ಷಣ ಏನು ಮಾಡಬೇಕೆಂದು ತೋಚದೆ ಕೆಟ್ಟ ಸಂದರ್ಶನಗಳೇ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಆ ಒಂದು ಕ್ಷಣಕ್ಕೆ ಬೇಕಾದ ಸಿದ್ಧತೆಯನ್ನೇ ಮುಖ್ಯವಾಗಿಟ್ಟುಕೊಂಡು, ಇಬ್ಬರಿಗೂ ಒಟ್ಟಿಗೆ ಕಾಣುವಂತೆ ಕೋಡ್ ಬರೆಯುವ ಹಂಚಿಕೆಯ ಎಡಿಟರ್ ಮತ್ತು ವಿಡಿಯೋ ಮುಂದಿನ ನಡವಳಿಕೆಯನ್ನು ಅದರ ಜೊತೆಗೇ ವಿವರಿಸುತ್ತೇನೆ. ಉದಾಹರಣೆಗೆ ಮಂಡ್ಯದ ವಿದ್ಯಾನಗರದಲ್ಲಿರುವ ನನ್ನ ಅಕ್ಕನ ಮನೆಯನ್ನು ತೆಗೆದುಕೊಳ್ಳುತ್ತೇನೆ. ಅಕ್ಕನ ಮಗಳು ಅಲ್ಲಿಂದಲೇ ಸಂದರ್ಶನಕ್ಕೆ ಕುಳಿತಳು, ಅದಕ್ಕೆ ಮೊದಲು ನಾವಿಬ್ಬರೂ ಸೇರಿ ಮನೆಯ ವ್ಯವಸ್ಥೆಯನ್ನು ಒಂದೊಂದಾಗಿ ಪರೀಕ್ಷಿಸಿದೆವು.

ಮೊದಲು ತಿಳಿಯಬೇಕಾದದ್ದು: ಯಾವುದಕ್ಕೆ ಎಷ್ಟು ಬೇಕು

ಕೋಡಿಂಗ್ ಸಂದರ್ಶನದಲ್ಲಿ ಏಕಕಾಲಕ್ಕೆ ಮೂರು ಸಂಗತಿಗಳು ನೆಟ್‌ವರ್ಕ್ ಮೇಲೆ ಓಡುತ್ತಿರುತ್ತವೆ: ನಿಮ್ಮ ಧ್ವನಿ, ನಿಮ್ಮ ಮುಖದ ವಿಡಿಯೋ ಮತ್ತು ಎಡಿಟರಿನಲ್ಲಿ ನೀವು ಒತ್ತುವ ಅಕ್ಷರಗಳು. ಧ್ವನಿಗೆ ಸೆಕೆಂಡಿಗೆ 100 ಕಿಲೋಬಿಟ್ ಇದ್ದರೆ ಸಾಕು. ಎಡಿಟರಿಗೆ ಅದರಷ್ಟೂ ಬೇಡ, ಏಕೆಂದರೆ ಅಲ್ಲಿ ಹೋಗುವುದು ಬಿಡಿ ಅಕ್ಷರಗಳು ಮಾತ್ರ. ವಿಡಿಯೋಗೆ ಮಾತ್ರ ಸುಮಾರು 1 ಮೆಗಾಬಿಟ್ ಬೇಕಾಗುತ್ತದೆ. ಅಂದರೆ ನಿಮ್ಮ ಮನೆಯ ಲೈನ್ 40 ಮೆಗಾಬಿಟ್‌ನದೋ 100 ಮೆಗಾಬಿಟ್‌ನದೋ ಎಂಬುದು ಇಲ್ಲಿ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಆ ಲೈನ್ ಒಂದು ಗಂಟೆ ಎಡೆಬಿಡದೆ ನಿಲ್ಲುತ್ತದೆಯೇ ಎಂಬುದೇ ಮುಖ್ಯ. ಇದರಿಂದಲೇ ತುರ್ತಿನ ನಿಯಮವೂ ಹುಟ್ಟುತ್ತದೆ: ಸಂಪರ್ಕ ಕುಗ್ಗಿದಾಗ ಮೊದಲು ಬಿಡಬೇಕಾದದ್ದು ಕ್ಯಾಮೆರಾ, ಕೊನೆಯವರೆಗೂ ಉಳಿಸಿಕೊಳ್ಳಬೇಕಾದದ್ದು ಧ್ವನಿ ಮತ್ತು ಎಡಿಟರ್.

ಮನೆಯಲ್ಲಿ ಸಂಪರ್ಕ ತಪ್ಪುವುದು ಎರಡು ಬಗೆಯಲ್ಲಿ. ಒಂದು, ಕರೆಂಟು ಹೋಗಿ ರೂಟರ್ ಆರುವುದು. ಇನ್ನೊಂದು, ಕರೆಂಟು ಇದ್ದು, ರೂಟರಿನ ದೀಪಗಳೂ ಉರಿಯುತ್ತಿದ್ದು, ಹೊರಗಿನ ಫೈಬರ್ ಮಾತ್ರ ಸತ್ತಿರುವುದು. ಇವೆರಡನ್ನೂ ಒಂದೇ ಎಂದು ಭಾವಿಸಿ ಒಂದೇ ಪರಿಹಾರ ಮಾಡಿಕೊಂಡವರು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾರೆ.

ಕರೆಂಟು ಹೋದಾಗ

ಮಂಡ್ಯ, ಮೈಸೂರು ಕಡೆಗೆ ಕರೆಂಟು ಕೊಡುವ ಸೆಸ್ಕ್ ಕಂಪನಿ ನಿರ್ವಹಣೆಗಾಗಿ ಮೊದಲೇ ಯೋಜಿಸಿದ ವಿದ್ಯುತ್ ವ್ಯತ್ಯಯದ ಪ್ರಕಟಣೆಗಳು ಆಂದೋಲನ, ಮೈಸೂರು ಮಿತ್ರದಂತಹ ಸ್ಥಳೀಯ ಪತ್ರಿಕೆಗಳಲ್ಲಿ ಬಡಾವಣೆಗಳ ಹೆಸರಿನ ಸಮೇತ ಬರುತ್ತವೆ. ಸಂದರ್ಶನದ ಹಿಂದಿನ ಎರಡು ದಿನ ಅವನ್ನು ತಪ್ಪದೆ ನೋಡಬೇಕು, ಅನುಮಾನವಿದ್ದರೆ 1912ಕ್ಕೆ ಕರೆ ಮಾಡಿ ಕೇಳಬೇಕು. ಇಂತಹ ಕಡಿತ ಹೆಚ್ಚಾಗಿ ಹಗಲಿನ ಕೆಲಸದ ಹೊತ್ತಿನಲ್ಲೇ ಇರುತ್ತದೆ, ಸಂದರ್ಶನಗಳೂ ಅದೇ ಹೊತ್ತಿನಲ್ಲಿ. ನಿಮ್ಮ ಬಡಾವಣೆಯ ಹೆಸರು ಕಂಡರೆ ಸಂದರ್ಶನದ ವೇಳೆ ಬದಲಿಸಿಕೊಡಿ ಎಂದು ಹಿಂದಿನ ದಿನವೇ ಕೇಳುವುದರಲ್ಲಿ ಸಂಕೋಚ ಬೇಡ. ಹಿಂದಿನ ದಿನ ಕೇಳಿದವರಿಗೆ ಯಾರೂ ಇಲ್ಲವೆನ್ನುವುದನ್ನು ನಾನು ಕಂಡಿಲ್ಲ. ಆದರೆ ಹೇಳದೆ ಕೇಳದೆ ಹೋಗುವ ಕರೆಂಟಿಗೆ ಪ್ರಕಟಣೆ ಇರುವುದಿಲ್ಲ, ಅದಕ್ಕೆ ಮನೆಯೊಳಗೇ ವ್ಯವಸ್ಥೆ ಬೇಕು.

"ಇನ್ವರ್ಟರ್ ಇದೆಯಲ್ಲ ಮಾವ, ಮತ್ಯಾಕೆ ಯೋಚನೆ?" ಎಂದಳು ಅಕ್ಕನ ಮಗಳು.

"ಇರಲಿ ಪುಟ್ಟಿ, ಒಂದು ಸಲ ಮೇನ್ ಸ್ವಿಚ್ ಆಫ್ ಮಾಡಿಯೇ ನೋಡೋಣ" ಎಂದೆ.

ಆಫ್ ಮಾಡಿದಾಗ ಹಾಲಿನ ಲೈಟು, ಫ್ಯಾನು ನಿಲ್ಲಲಿಲ್ಲ, ಆದರೆ ರೂಟರ್ ಆರಿಹೋಯಿತು. ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಇನ್ವರ್ಟರ್ ಲೈನನ್ನು ಲೈಟು ಫ್ಯಾನುಗಳಿಗೆ ಮಾತ್ರ ಎಳೆದಿರುತ್ತಾರೆ. ಟಿವಿಯ ಪಕ್ಕದ ಪ್ಲಗ್ ಪಾಯಿಂಟು, ಅಂದರೆ ಸಾಮಾನ್ಯವಾಗಿ ರೂಟರ್ ಇರುವ ಜಾಗ, ಅದರಲ್ಲಿ ಸೇರಿರುವುದಿಲ್ಲ. ಅದೇ ಕೋಣೆಯಲ್ಲಿ ಇನ್ವರ್ಟರ್ ಲೈನಿಗೆ ಸೇರಿದ್ದ ಸ್ವಿಚ್ ಬೋರ್ಡಿನ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ರೂಟರನ್ನು ಅದಕ್ಕೆ ಹಾಕಿ, ಮತ್ತೊಮ್ಮೆ ಮೇನ್ ಆಫ್ ಮಾಡಿದೆವು. ಈ ಸಲ ರೂಟರಿಗೆ ಕರೆಂಟು ಸಿಕ್ಕಿತು, ಆದರೆ ಬದಲಾವಣೆಯ ಆ ಕ್ಷಣದಲ್ಲಿ ದೀಪಗಳೆಲ್ಲ ಒಮ್ಮೆ ಆರಿ, ರೂಟರ್ ಮೊದಲಿನಿಂದ ಶುರುವಾಯಿತು. ಫೈಬರ್ ಪೆಟ್ಟಿಗೆ ಹೊರಗಿನ ಲೈನಿನೊಂದಿಗೆ ಮತ್ತೆ ನೋಂದಣಿಯಾಗಿ, ರೂಟರ್ ಲಾಗಿನ್ ಆಗಿ, ವೈಫೈ ಬರುವಷ್ಟರಲ್ಲಿ ಎರಡು ಮೂರು ನಿಮಿಷ ಹಿಡಿಯಿತು. ಸಂದರ್ಶನದಲ್ಲಿ ಮೂರು ನಿಮಿಷದ ಮೌನ ಬಹಳ ದೀರ್ಘವಾದದ್ದು.

ಇದಕ್ಕೆ ಕಾರಣ ಇನ್ವರ್ಟರ್ ಮೇನ್‌ನಿಂದ ಬ್ಯಾಟರಿಗೆ ಬದಲಾಗುವಾಗ ಬೀಳುವ ಕ್ಷಣಕಾಲದ ಬಿಡುವು. ಅನೇಕ ಇನ್ವರ್ಟರ್‌ಗಳ ಹಿಂಬದಿಯಲ್ಲಿ ಯುಪಿಎಸ್ ಮತ್ತು ಇಕೋ ಎಂಬ ಎರಡು ಸ್ಥಾನಗಳ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಕಡೆಗೆ ಇಟ್ಟರೆ ಈ ಬಿಡುವು ಚಿಕ್ಕದಾಗುತ್ತದೆ, ಕೆಲವು ರೂಟರ್‌ಗಳು ಅಷ್ಟರಿಂದಲೇ ಉಳಿದುಕೊಳ್ಳುತ್ತವೆ. ಅಕ್ಕನ ಮನೆಯ ರೂಟರ್ ಉಳಿಯಲಿಲ್ಲ. ಆದ್ದರಿಂದ ರೂಟರಿಗೆಂದೇ ಮಾರುವ ಮಿನಿ ಯುಪಿಎಸ್ ತಂದು, ಅಡಾಪ್ಟರ್ ಮತ್ತು ರೂಟರ್ ನಡುವೆ ಸೇರಿಸಿದೆವು. ಇದನ್ನು ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಂಡು ಹೋಗಬೇಕು. ಹೆಚ್ಚಿನವು 12 ವೋಲ್ಟ್‌ನವು. ವೋಲ್ಟ್ ಸರಿಯಾಗಿ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬಹುದು, ಪಿನ್ನಿನ ಅಳತೆಯೂ ಕೂಡಬೇಕು. ಫೈಬರ್ ಪೆಟ್ಟಿಗೆ ಒಂದು, ವೈಫೈ ರೂಟರ್ ಇನ್ನೊಂದು ಎಂದು ಎರಡು ಪೆಟ್ಟಿಗೆಗಳಿದ್ದರೆ ಎರಡಕ್ಕೂ ಯುಪಿಎಸ್ ಬೇಕೆಂಬುದನ್ನು ಮರೆಯಬಾರದು. ಒಂದಕ್ಕೆ ಮಾತ್ರ ಹಾಕಿದರೆ ವೈಫೈ ಇದ್ದು ಇಂಟರ್ನೆಟ್ ಇಲ್ಲದ ಸ್ಥಿತಿ ಬರುತ್ತದೆ.

ಲ್ಯಾಪ್‌ಟಾಪಿನ ಬ್ಯಾಟರಿಯನ್ನೂ ಚಾರ್ಜರ್ ತೆಗೆದು, ವಿಡಿಯೋ ಕರೆ ಹಾಕಿಕೊಂಡು ಒಂದೂವರೆ ಗಂಟೆ ಪರೀಕ್ಷಿಸಿ. ಪರದೆಯ ಮೂಲೆಯಲ್ಲಿ ಅದು ತೋರಿಸುವ ಗಂಟೆಗಳ ಲೆಕ್ಕ ವಿಡಿಯೋ ಕರೆಗೆ ಅನ್ವಯಿಸುವುದಿಲ್ಲ.

ಲೈನ್ ಸತ್ತಾಗ

ಇದು ಹೆಚ್ಚು ಮೋಸಗೊಳಿಸುವ ಬಗೆ. ರಸ್ತೆ ಅಗೆಯುವಾಗಲೋ ಕಂಬದ ಮೇಲೆ ಕೊಂಬೆ ಬಿದ್ದಾಗಲೋ ಫೈಬರ್ ಕಡಿಯುತ್ತದೆ. ಆದರೆ ನಿಮ್ಮ ಲ್ಯಾಪ್‌ಟಾಪ್‌ಗೂ ರೂಟರಿಗೂ ನಡುವಿನ ವೈಫೈ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ತಾನು ಸಂಪರ್ಕದಲ್ಲಿಯೇ ಇದ್ದೇನೆಂದು ತಿಳಿದಿರುತ್ತದೆ, ಪಕ್ಕದಲ್ಲಿ ಮೊಬೈಲ್ ಸಿದ್ಧವಾಗಿದ್ದರೂ ಹಲವು ಸಲ ತಾನಾಗಿ ಅದರ ಕಡೆಗೆ ತಿರುಗುವುದಿಲ್ಲ. ನೀವೇ ಕೈಯಿಂದ ವೈಫೈ ಆಫ್ ಮಾಡಬೇಕು. ಇದೊಂದು ಸಣ್ಣ ವಿಷಯ ತಿಳಿಯದೆ, ಕರೆ ಮತ್ತೆ ಕೂಡುತ್ತದೆಂದು ಕಾಯುತ್ತ ಹತ್ತು ನಿಮಿಷ ಕಳೆದ ಅಭ್ಯರ್ಥಿಗಳಿದ್ದಾರೆ.

ಎರಡನೆಯ ಸಂಪರ್ಕಕ್ಕೆ ಮೊಬೈಲ್ ಹಾಟ್‌ಸ್ಪಾಟ್‌ಗಿಂತ ಯುಎಸ್‌ಬಿ ಟೆದರಿಂಗ್ ನನ್ನ ಆಯ್ಕೆ. ಕೇಬಲ್ ಮೂಲಕ ಬರುವುದರಿಂದ ಅಕ್ಕಪಕ್ಕದ ಮನೆಗಳ ವೈಫೈ ಗದ್ದಲ ಇದಕ್ಕೆ ತಾಗುವುದಿಲ್ಲ, ಫೋನ್ ಕೂಡ ಚಾರ್ಜ್ ಆಗುತ್ತಿರುತ್ತದೆ. ಹಿಂದಿನ ದಿನವೇ ಇದನ್ನು ಒಮ್ಮೆ ಜೋಡಿಸಿ ನೋಡಿ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ತೆರೆದು, ಯುಎಸ್‌ಬಿ ಟೆದರಿಂಗ್ ಆನ್ ಮಾಡಬೇಕು. ಆ ಆಯ್ಕೆ ಒತ್ತಲಾಗದೆ ಮಸುಕಾಗಿಯೇ ಇದ್ದರೆ ನಿಮ್ಮ ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಬರುವಂಥದ್ದು ಎಂದು ಊಹಿಸಬಹುದು. ಫೋನಿನ ಜೊತೆ ಬಂದ ಮೂಲ ಕೇಬಲ್ ಹಾಕಿ ನೋಡಿ.

ಇಲ್ಲಿ ಒಂದು ಬಲೆ ಇದೆ, ಅಕ್ಕನ ಮಗಳ ಪರೀಕ್ಷೆಯಲ್ಲಿ ಅದು ಕಣ್ಣೆದುರಿಗೇ ಕಂಡಿತು. ಅವರ ಮನೆಯಲ್ಲಿ ಎರಡು ಪೆಟ್ಟಿಗೆಗಳಿದ್ದವು; ಲೈನ್ ಸತ್ತಂತೆ ಮಾಡಲು ಅವುಗಳ ನಡುವಿನ ಲ್ಯಾನ್ ಕೇಬಲ್ ಕಿತ್ತೆವು. ಹಸಿರು ತುದಿಯ ಫೈಬರ್ ತಂತಿಯನ್ನು ಮಾತ್ರ ಕೀಳಬೇಡಿ, ಅದರ ತುದಿಗೆ ಧೂಳು ಕೂತರೂ ತಂತಿ ಮಡಚಿದರೂ ಲೈನ್ ಹಾಳಾಗುತ್ತದೆ. ಒಂದೇ ಪೆಟ್ಟಿಗೆ ಇರುವವರು ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಬದಲಾಯಿಸುವ ಅಭ್ಯಾಸವನ್ನಷ್ಟೇ ಮಾಡಿದರೂ ಸಾಕು. ಕೇಬಲ್ ಕಿತ್ತ ಮೇಲೆ ಅವಳು ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿದಳು, ಟೆದರಿಂಗ್ ಆನ್ ಇತ್ತು, ಆದರೂ ಯಾವ ಪುಟವೂ ತೆರೆಯಲಿಲ್ಲ. ಫೋನ್ ನೋಡಿದರೆ ಅದು ಮನೆಯ ವೈಫೈನಲ್ಲೇ ಇತ್ತು. ಫೋನು ವೈಫೈನಲ್ಲಿರುವಾಗ ಟೆದರಿಂಗ್ ಮಾಡಿದರೆ ಅದು ಹಂಚುವುದು ಆ ವೈಫೈಯನ್ನೇ. ಅಂದರೆ ಸತ್ತ ಲೈನನ್ನೇ ಇನ್ನೊಂದು ದಾರಿಯಿಂದ ತಂದುಕೊಟ್ಟ ಹಾಗೆ. ಫೋನಿನ ವೈಫೈ ಆಫ್ ಮಾಡಿದ ಕೂಡಲೇ ಪುಟಗಳು ತೆರೆದವು. ಸಂದರ್ಶನದ ದಿನ ಬೆಳಿಗ್ಗೆಯಿಂದಲೇ ಆ ಫೋನಿನ ವೈಫೈ ಆಫ್ ಇರಲಿ.

ಫೋನಿನ ಸಿಮ್ ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯದ್ದಲ್ಲದೆ ಬೇರೆಯದ್ದಾಗಿರಲಿ, ಇಲ್ಲದಿದ್ದರೆ ಒಂದು ಕಡೆಯ ತೊಂದರೆ ಎರಡನ್ನೂ ಒಟ್ಟಿಗೆ ಬೀಳಿಸಬಹುದು. ಒಂದು ಗಂಟೆಯ ವಿಡಿಯೋ ಕರೆಗೆ ಸುಮಾರು 1 ಜಿಬಿ ಅಥವಾ ಸ್ವಲ್ಪ ಹೆಚ್ಚು ಡೇಟಾ ಬೇಕು. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದು ಬೆಳಿಗ್ಗೆಯೇ ವಿಡಿಯೋಗಳನ್ನು ನೋಡಿ ಅದನ್ನು ಖರ್ಚು ಮಾಡಿದ್ದರೆ, ಮಿತಿ ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕಿಲೋಬಿಟ್‌ಗೆ ಇಳಿಯುತ್ತದೆ. ಅದರಲ್ಲಿ ಧ್ವನಿಯೂ ಸರಿಯಾಗಿ ಹೋಗುವುದಿಲ್ಲ. ಆ ದಿನಕ್ಕೆ ಒಂದು ಡೇಟಾ ವೋಚರ್ ಹಾಕಿಸಿಕೊಳ್ಳುವುದು ಲೇಸು. ಎರಡು ಸಿಮ್ ಇರುವ ಫೋನಾದರೆ ಡೇಟಾಕ್ಕೆ ಬಳಸದ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಏಕೆಂದರೆ ಹಲವು ಫೋನುಗಳಲ್ಲಿ ಆ ಸಿಮ್ಮಿಗೆ ಕರೆ ಬಂದರೆ ಇನ್ನೊಂದರ ಡೇಟಾ ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲಿ ಈ ಟೆದರಿಂಗ್ ಸಂಪರ್ಕವನ್ನು ಮೀಟರ್ಡ್ ಎಂದು ಗುರುತಿಸಿಡಿ. ಆಗ ವಿಂಡೋಸ್ ಅಪ್‌ಡೇಟ್ ಬಹುಮಟ್ಟಿಗೆ ಸುಮ್ಮನಿರುತ್ತದೆ.

ಪರೀಕ್ಷೆಯನ್ನು ಸಂದರ್ಶನ ನಡೆಯುವ ಹೊತ್ತಿಗೇ ಮಾಡಿ. ಬಡಾವಣೆಗೆಲ್ಲ ಕರೆಂಟು ಹೋದಾಗ ಎಲ್ಲರೂ ಮೊಬೈಲ್ ಡೇಟಾಕ್ಕೆ ಬರುವುದರಿಂದ ಟವರಿನ ಮೇಲೆ ಒತ್ತಡ ಹೆಚ್ಚುತ್ತದೆ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಿಟಕಿಯ ಪಕ್ಕದ ಮೇಜಿಗೆ ಸಿಗ್ನಲ್ ಚೆನ್ನಾಗಿ ಸಿಗುವುದಾದರೆ ಕೂರುವ ಜಾಗವನ್ನೇ ಅಲ್ಲಿಗೆ ಬದಲಿಸಿ.

ಮನೆಯ ಸಂಪರ್ಕ ಪೂರ್ತಿ ಸಾಯದೆ ತಡವರಿಸುತ್ತಿದ್ದರೆ ದೋಷ ಎಲ್ಲಿದೆ ಎಂದು ತಿಳಿಯಲು ವಿಂಡೋಸ್‌ನಲ್ಲಿ ಎರಡು ಕಮಾಂಡ್ ಕಿಟಕಿಗಳನ್ನು ತೆರೆದು ಹೀಗೆ ಓಡಿಸಿ:

```
ping -t 192.168.1.1
ping -t 8.8.8.8
```

ಮೊದಲನೆಯದು ನಿಮ್ಮ ರೂಟರಿನ ವಿಳಾಸ. ನಿಮ್ಮ ಮನೆಯಲ್ಲಿ ಅದು ಬೇರೆ ಇದ್ದರೆ `ipconfig` ಕೊಟ್ಟು `Default Gateway` ಎಂಬಲ್ಲಿ ನೋಡಿಕೊಳ್ಳಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ `-t` ಬೇಡ. ರೂಟರಿನಿಂದ ಬರುವ ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಸಮವಾಗಿ ಬರಬೇಕು. ಅದೇ ನೂರಾರು ಮಿಲಿಸೆಕೆಂಡಿಗೆ ನೆಗೆಯುತ್ತಿದ್ದರೆ ಅಥವಾ ನಡುನಡುವೆ `Request timed out` ಎಂದು ಕಂಡರೆ ದೋಷ ಮನೆಯೊಳಗಿನ ವೈಫೈಯದ್ದು. ಗೋಡೆ ದಾಟದಂತೆ ರೂಟರಿನ ಹತ್ತಿರ ಕುಳಿತರೆ ಅಥವಾ ಲ್ಯಾನ್ ಕೇಬಲ್ ಹಾಕಿದರೆ ಸರಿಹೋಗುತ್ತದೆ. ಮೊದಲನೆಯದು ಸರಿಯಿದ್ದು ಎರಡನೆಯದು ಮಾತ್ರ ಹಾಗಾಗುತ್ತಿದ್ದರೆ ದೋಷ ಹೊರಗಿನ ಲೈನಿನದು, ಅದಕ್ಕೆ ಮನೆಯೊಳಗೆ ನೀವು ಮಾಡಬಹುದಾದದ್ದು ಏನೂ ಇಲ್ಲ. ಕಂಪನಿಗೆ ದೂರು ಕೊಟ್ಟು, ಆ ದಿನ ಮೊಬೈಲನ್ನೇ ಮೊದಲ ಸಂಪರ್ಕವಾಗಿ ಬಳಸಿ.

ಹಂಚಿಕೆಯ ಎಡಿಟರ್

ಆಹ್ವಾನದ ಇಮೇಲ್‌ನಲ್ಲಿ ಕೋಡರ್‌ಪ್ಯಾಡ್, ಹ್ಯಾಕರ್‌ರ್ಯಾಂಕ್, ಕೋಡ್‌ಸಿಗ್ನಲ್ ಮುಂತಾದ ಯಾವುದಾದರೊಂದು ಹೆಸರು ಇರುತ್ತದೆ. ಕೆಲವರು ಬರಿಯ ಗೂಗಲ್ ಡಾಕ್ಸ್‌ನಲ್ಲಿಯೂ ಬರೆಸುತ್ತಾರೆ. ಹೆಸರಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಜೊತೆಗೆ ಅಲ್ಲಿ ಕೋಡನ್ನು ಓಡಿಸಬಹುದೇ ಇಲ್ಲವೇ, ಭಾಷೆಯ ಅಧಿಕೃತ ಡಾಕ್ಯುಮೆಂಟೇಶನ್ ನೋಡಲು ಅನುಮತಿ ಇದೆಯೇ ಎಂಬೆರಡನ್ನು ಕೇಳಿದರೆ ಸಾಕು. ಓಡಿಸುವ ಸೌಕರ್ಯ ಇದ್ದರೆ, ಸಂದರ್ಶನ ಶುರುವಾದ ಕೂಡಲೇ ಭಾಷೆಯ ಆವೃತ್ತಿ ಯಾವುದೆಂದು ನೋಡಿಕೊಳ್ಳುವುದು ಒಳ್ಳೆಯದು:

```python
import sys
print(sys.version)
```

ಉದಾಹರಣೆಗೆ ಪೈಥಾನ್‌ನ `match` ವಾಕ್ಯ 3.10ಕ್ಕಿಂತ ಹಳೆಯ ಆವೃತ್ತಿಯಲ್ಲಿ ಇಲ್ಲ; ಮನೆಯಲ್ಲಿ ಓಡಿದ್ದು ಅಲ್ಲಿ ಏಕೆ ಓಡುತ್ತಿಲ್ಲ ಎಂದು ಗೊಂದಲಗೊಳ್ಳುವುದು ಇದರಿಂದ ತಪ್ಪುತ್ತದೆ.

ನಿಮ್ಮ ಎಡಿಟರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ನೀವು ಒತ್ತುವ ಒಂದೊಂದು ಅಕ್ಷರವೂ, ಕರ್ಸರ್ ಎಲ್ಲಿದೆ ಎಂಬುದೂ ಎದುರಿನವರಿಗೆ ಆಗಿಂದಾಗಲೇ ಕಾಣುತ್ತದೆ. ಕೆಲವು ಎಡಿಟರ್‌ಗಳು ಎಲ್ಲವನ್ನೂ ದಾಖಲಿಸಿಟ್ಟು ಆಮೇಲೆ ಮೊದಲಿನಿಂದ ಓಡಿಸಿ ತೋರಿಸುತ್ತವೆ. ಹೊರಗಿನಿಂದ ತಂದು ಅಂಟಿಸಿದ್ದನ್ನೂ, ನೀವು ಬೇರೆ ಟ್ಯಾಬಿಗೆ ಹೋದದ್ದನ್ನೂ ಗುರುತಿಸುವ ಎಡಿಟರ್‌ಗಳಿವೆ. ಆದ್ದರಿಂದ ಬೇರೆ ಕಿಟಕಿಗೆ ಹೋಗಬೇಕಾದಾಗ ಏಕೆ ಹೋಗುತ್ತಿದ್ದೀರೆಂದು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಹೋಗಿ.

ಈ ಕಾಣುವಿಕೆಯನ್ನು ನಿಮ್ಮ ಅನುಕೂಲಕ್ಕೆ ಬಳಸಿಕೊಳ್ಳಬಹುದು. ನಿಮ್ಮ ಯೋಚನೆ ಧ್ವನಿಯಲ್ಲಿ ಮಾತ್ರ ಇದ್ದರೆ ಧ್ವನಿ ತುಂಡಾದಾಗ ಅದೂ ಕಳೆದುಹೋಗುತ್ತದೆ. ಎಡಿಟರಿನ ಮೇಲ್ಭಾಗದಲ್ಲಿ ಎರಡು ಸಾಲಿನ ಕಾಮೆಂಟಾಗಿ ಇದ್ದರೆ ಮಾತು ಕೇಳಿಸದಿದ್ದರೂ ಎದುರಿನವರು ಓದಿಕೊಳ್ಳುತ್ತಾರೆ. ಒಂದರ ಪಕ್ಕ ಒಂದಿರುವ `k` ಸಂಖ್ಯೆಗಳ ಅತಿ ದೊಡ್ಡ ಮೊತ್ತ ಕಂಡುಹಿಡಿಯಿರಿ ಎಂಬ ಪ್ರಶ್ನೆ ಬಂದಿದೆ ಎನ್ನೋಣ. ನಾನು ನೋಡಲು ಬಯಸುವ ಪುಟ ಹೀಗಿರುತ್ತದೆ:

```python
# nums may be empty; k >= 1
# plan: sliding window, keep running sum

def best(nums, k):
    if len(nums) < k:
        return None
    s = sum(nums[:k])
    top = s
    for i in range(k, len(nums)):
        s += nums[i] - nums[i - k]
        top = max(top, s)
    return top

print(best([4, 1, 7, 2], 2))  # 9
print(best([5], 2))           # None
```

ಮೇಲಿನ ಎರಡು ಸಾಲುಗಳಲ್ಲಿ ನೀವು ಒಪ್ಪಿಕೊಂಡ ನಿಯಮ ಮತ್ತು ದಾರಿ ಇವೆ. ಕೆಳಗಿನ ಎರಡು ಸಾಲುಗಳಲ್ಲಿ ಪರೀಕ್ಷೆಗಳು, ಅವುಗಳ ಪಕ್ಕದಲ್ಲಿ ಬರಬೇಕಾದ ಉತ್ತರಗಳು ಇವೆ. ಓಡಿಸಲು ಬಾರದ ಗೂಗಲ್ ಡಾಕ್ಸ್‌ನಲ್ಲಿಯೂ ಹೀಗೆಯೇ ಬರೆದು, ಪರೀಕ್ಷೆಯ ಸಾಲನ್ನು ಕೈಯಿಂದ ಓಡಿಸಿ ತೋರಿಸಬಹುದು.

ನಮ್ಮ ಕಡೆಯವರಿಗೆಂದೇ ಎರಡು ಎಚ್ಚರಿಕೆಗಳಿವೆ. ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಂಡವರು, ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿಹೋದರೆ ಕೀಬೋರ್ಡ್ ಬದಲಾಗಿ ಕೋಡಿನ ನಡುವೆ ಕನ್ನಡ ಅಕ್ಷರಗಳು ಮೂಡುವುದನ್ನು ಕಂಡಿರಬಹುದು. ಅದೇ ಎರಡು ಕೀಲಿಗಳನ್ನು ಮತ್ತೆ ಒತ್ತಿದರೆ ಮೊದಲಿನಂತಾಗುತ್ತದೆ. ಸಂದರ್ಶನದ ಹೊತ್ತಿಗೆ ಇಂಗ್ಲಿಷ್ ಒಂದನ್ನೇ ಉಳಿಸಿಕೊಂಡರೆ ಆ ಚಿಂತೆಯೂ ಇಲ್ಲ. ಎರಡನೆಯದು ಗೂಗಲ್ ಡಾಕ್ಸ್ ಅಥವಾ ವರ್ಡ್ ತಾನಾಗಿ ಹಾಕುವ ಬಾಗಿದ ಉದ್ಧರಣ ಚಿಹ್ನೆ. ಅಲ್ಲಿಂದ ಕೋಡನ್ನು ಓಡಿಸುವ ಎಡಿಟರಿಗೆ ತಂದರೆ ಪೈಥಾನ್ ಹೀಗೆ ದೂರುತ್ತದೆ:

```
SyntaxError: invalid character '“' (U+201C)
```

ಇದನ್ನು ಕಂಡಾಗ ತರ್ಕದಲ್ಲಿ ತಪ್ಪು ಹುಡುಕಬೇಡಿ, ಆ ಚಿಹ್ನೆಯನ್ನು ಅಳಿಸಿ ಕೀಬೋರ್ಡಿನಿಂದ ಮತ್ತೆ ಒತ್ತಿ. ವಿಮ್ ಅಥವಾ ಟರ್ಮಿನಲ್ ಅಭ್ಯಾಸ ಇರುವವರು `Ctrl+W` ಒತ್ತಿ ಬ್ರೌಸರಿನ ಟ್ಯಾಬನ್ನೇ ಮುಚ್ಚಿಬಿಡುವುದೂ ಉಂಟು. `Ctrl+Shift+T` ಒತ್ತಿದರೆ ಟ್ಯಾಬ್ ವಾಪಸ್ ಬರುತ್ತದೆ, ಬರೆದದ್ದು ಸರ್ವರಿನಲ್ಲಿ ಇರುವುದರಿಂದ ಉಳಿದಿರುತ್ತದೆ.

ಸರ್ವರಿನಲ್ಲಿ ಉಳಿದಿರುತ್ತದೆ ಎಂಬ ಮಾತು ಸಂಪರ್ಕ ಇದ್ದಾಗಿನದು. ಸಂಪರ್ಕ ಕಡಿದ ಮೇಲೆ ಎಡಿಟರಿನ ಮೂಲೆಯಲ್ಲಿ ಮತ್ತೆ ಜೋಡಿಸುತ್ತಿದ್ದೇನೆ ಎಂಬ ಅರ್ಥದ ಸೂಚನೆ ಬರುತ್ತದೆ, ಆದರೆ ನೀವು ಒತ್ತಿದ ಅಕ್ಷರಗಳು ನಿಮ್ಮ ಪರದೆಯಲ್ಲಿ ಮೂಡುತ್ತಲೇ ಇರಬಹುದು. ಅವು ಆಚೆಗೆ ತಲುಪುತ್ತವೆಂಬ ಭರವಸೆ ಇಲ್ಲ. ಆ ಸೂಚನೆ ಕಂಡ ಕೂಡಲೇ ಟೈಪ್ ಮಾಡುವುದನ್ನು ನಿಲ್ಲಿಸಬೇಕು, `Ctrl+A`, `Ctrl+C` ಒತ್ತಿ ಇಡೀ ಕೋಡನ್ನು ಕ್ಲಿಪ್‌ಬೋರ್ಡಿಗೆ ತೆಗೆದುಕೊಳ್ಳಬೇಕು. ಟ್ಯಾಬ್ ಬಿಟ್ಟು ಹೋಗದೆಯೇ ಇದು ಆಗುತ್ತದೆ. ಆಮೇಲೆ ಅದನ್ನು ಅಂಟಿಸಬೇಕಾಗಿ ಬಂದರೆ, ಇದು ನನ್ನದೇ ಕೋಡ್, ಸಂಪರ್ಕ ಕಡಿದಾಗ ನಕಲು ಮಾಡಿಕೊಂಡದ್ದು ಎಂದು ಹೇಳಿಯೇ ಅಂಟಿಸಿ.

ವಿಡಿಯೋ ಮುಂದೆ

ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಇರಲಿ, ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನ ಹಿಂದೆ ಇರದಿರಲಿ. ಇಷ್ಟನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಹೆಚ್ಚು ಮುಖ್ಯ ಧ್ವನಿ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನಲ್ಲಿ ಮೈಕ್ ಬಳಸಿದ ಕೂಡಲೇ ಧ್ವನಿಯ ಗುಣಮಟ್ಟ ಇಳಿಯುತ್ತದೆ, ಆಗಾಗ ಸಂಪರ್ಕವೂ ತಪ್ಪುತ್ತದೆ. ತಂತಿಯ ಇಯರ್‌ಫೋನ್ ಅಗ್ಗದ್ದಾದರೂ ಇದಕ್ಕೆ ಮೇಲು.

ಮನೆಯವರಿಗೆ ಹಿಂದಿನ ದಿನವೇ ಹೇಳಬೇಕಾದದ್ದು ಗಲಾಟೆ ಮಾಡಬೇಡಿ ಎಂದಲ್ಲ, ಯಾವ ಹೊತ್ತು ಎಂದು. "ಅಮ್ಮ, ಹನ್ನೊಂದರಿಂದ ಹನ್ನೆರಡರವರೆಗೆ ಮಿಕ್ಸಿ ಬೇಡ, ಕುಕ್ಕರ್ ಮೊದಲೇ ಇಳಿಸಿಬಿಡಿ" ಎಂದು ನಿಖರವಾಗಿ ಹೇಳಿದರೆ ಅವರೇ ಅಡುಗೆಯ ವೇಳೆ ಹೊಂದಿಸಿಕೊಳ್ಳುತ್ತಾರೆ. ಅದೇ ಗಂಟೆಯಲ್ಲಿ ಮನೆಯ ಟಿವಿ, ಉಳಿದವರ ಫೋನುಗಳು ವೈಫೈಯಲ್ಲಿ ವಿಡಿಯೋ ಓಡಿಸದಿರಲೆಂದೂ ಕೇಳಿಕೊಳ್ಳಿ. ಹೊರಗೆ ದೇವಸ್ಥಾನದ ಮೈಕ್ ಶುರುವಾದರೆ, ಸ್ವಲ್ಪ ಹೊತ್ತು ಸದ್ದಿರುತ್ತದೆ, ನಾನು ಕೇಳಿಸಿಕೊಳ್ಳುವಾಗ ಮ್ಯೂಟ್ ಮಾಡಿಕೊಳ್ಳುತ್ತೇನೆ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದುವರಿಯಿರಿ. ಪದೇಪದೇ ಕ್ಷಮೆ ಕೇಳುವುದರಿಂದ ಪ್ರಶ್ನೆಯ ಎಳೆ ತಪ್ಪುತ್ತದೆ. ಎದುರಿನವರೂ ಮನೆಯಿಂದಲೇ ಕುಳಿತಿರಬಹುದು.

ನೆಟ್‌ವರ್ಕ್ ಮೂಲಕ ಹೋಗುವ ಮಾತು ತಡವಾಗಿ ತಲುಪುತ್ತದೆ. ಅವರು ನಿಲ್ಲಿಸಿದರೆಂದು ನೀವು ಶುರುಮಾಡಿದ ಹೊತ್ತಿಗೆ ಅವರ ಮುಂದಿನ ಮಾತು ದಾರಿಯಲ್ಲಿರುತ್ತದೆ. ಆದ್ದರಿಂದ ಅವರ ಮಾತು ನಿಂತ ಮೇಲೆ ಒಂದು ಸೆಕೆಂಡು ಬಿಟ್ಟು ಮಾತನಾಡಿ, ಇಬ್ಬರೂ ಒಟ್ಟಿಗೆ ಶುರುಮಾಡಿದರೆ ನೀವು ನಿಲ್ಲಿಸಿ ಅವರಿಗೆ ಬಿಡಿ. ಯೋಚಿಸಲು ಸಮಯ ಬೇಕಾದಾಗ ಸುಮ್ಮನಾಗುವ ಮೊದಲು, ಒಂದು ನಿಮಿಷ ಯೋಚಿಸುತ್ತೇನೆ ಎಂದು ಹೇಳಿ. ಎದುರು ಕೂತವರಿಗೆ ಅಭ್ಯರ್ಥಿಯ ಮೌನವೂ ಸತ್ತ ಲೈನಿನ ಮೌನವೂ ಒಂದೇ ರೀತಿ ಕೇಳಿಸುತ್ತವೆ. ಹೇಳಿ ಸುಮ್ಮನಾದರೆ ಅವರು ನೆಮ್ಮದಿಯಿಂದ ಕಾಯುತ್ತಾರೆ. ಎರಡನೆಯ ಮಾನಿಟರ್ ಇದ್ದರೆ ನೀವು ಅತ್ತ ನೋಡುವಾಗ ಕಣ್ಣು ಬೇರೆಡೆ ಹೋದಂತೆ ಕಾಣುತ್ತದೆ. ಸಂದರ್ಶನಕ್ಕೆ ಅದನ್ನು ಆಫ್ ಮಾಡುವುದೇ ಸರಿ. ಪರದೆ ಹಂಚಬೇಕಾದರೆ ಇಡೀ ಪರದೆಯ ಬದಲು ಒಂದು ಕಿಟಕಿಯನ್ನು ಮಾತ್ರ ಹಂಚಿ. ವಾಟ್ಸಾಪ್ ವೆಬ್ ಮೊದಲೇ ಮುಚ್ಚಿರಲಿ.

ಕಡಿದ ಕ್ಷಣದಲ್ಲಿ ಮಾಡುವ ಕ್ರಮ

ಅಕ್ಕನ ಮಗಳ ಸಂದರ್ಶನದಲ್ಲಿ ಅರ್ಧ ದಾರಿಗೆ ಬಂದಾಗ ಎದುರಿನವರ ಮುಖ ನಿಂತುಹೋಯಿತು, ಧ್ವನಿ ತುಂಡಾಯಿತು. ರೂಟರಿನ ದೀಪಗಳು ಉರಿಯುತ್ತಿದ್ದವು, ಫೈಬರಿನ ಕೆಂಪು ದೀಪ ಮಾತ್ರ ಹತ್ತಿಕೊಂಡಿತ್ತು. ಅಂದರೆ ಲೈನ್ ಸತ್ತಿತ್ತು. ಅವಳು ಟೈಪಿಂಗ್ ನಿಲ್ಲಿಸಿ ಕೋಡನ್ನು ನಕಲು ಮಾಡಿಕೊಂಡಳು. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿದಳು. ಟೆದರಿಂಗ್ ಮೊದಲಿನಿಂದಲೂ ಆನ್ ಇತ್ತು. ಕರೆಯ ಕಿಟಕಿ ತಾನಾಗಿ ಮತ್ತೆ ಜೋಡಿಸಲು ತಡಮಾಡುತ್ತಿದ್ದರೆ ಕಾಯದೆ ಅದೇ ಲಿಂಕಿನಿಂದ ಮತ್ತೆ ಒಳಗೆ ಬಾ ಎಂದು ಮೊದಲೇ ಮಾತಾಡಿಕೊಂಡಿದ್ದೆವು, ಹಾಗೆಯೇ ಮಾಡಿದಳು. ಒಳಗೆ ಬರುವಾಗ ಕ್ಯಾಮೆರಾ ಆಫ್ ಇಟ್ಟು, ಲೈನ್ ಕಡಿದಿತ್ತು, ಈಗ ಮೊಬೈಲ್‌ನಿಂದ ಬಂದಿದ್ದೇನೆ, ಕ್ಯಾಮೆರಾ ಆನ್ ಮಾಡಲೇ ಎಂದು ಕೇಳಿದಳು. ಆಮೇಲೆ ಎಡಿಟರ್ ಪುಟವನ್ನು ರಿಫ್ರೆಶ್ ಮಾಡಿ, ನಿಮಗೆ ಕಾಣುವ ಕೊನೆಯ ಸಾಲು ಯಾವುದು ಎಂದು ವಿಚಾರಿಸಿದಳು. ಅವಳು ಕೊನೆಗೆ ಬರೆದಿದ್ದ ಎರಡು ಸಾಲುಗಳು ಆಚೆಗೆ ತಲುಪಿರಲಿಲ್ಲ. ಅವನ್ನು ಅಂಟಿಸದೆ ಮತ್ತೆ ಟೈಪ್ ಮಾಡಿ ಅಲ್ಲಿಂದಲೇ ಮುಂದುವರಿದಳು.

ಇದಕ್ಕೆ ಬೆಂಬಲವಾಗಿ ಎರಡು ವಸ್ತುಗಳು ಮೇಜಿನ ಮೇಲಿದ್ದವು. ಒಂದು ಚೀಟಿಯಲ್ಲಿ ಈ ಕ್ರಮ ಬರೆದಿತ್ತು: ಟೈಪಿಂಗ್ ನಿಲ್ಲಿಸು, ನಕಲು ಮಾಡು, ವೈಫೈ ಆಫ್, ಲಿಂಕಿನಿಂದ ಒಳಗೆ, ಕ್ಯಾಮೆರಾ ಬೇಡ. ಇನ್ನೊಂದು, ಅವಳ ಫೋನಿನ ನೋಟ್ಸ್‌ನಲ್ಲಿ ಸಂದರ್ಶನದ ಭಾಷೆಯಲ್ಲೇ ಮೊದಲೇ ಬರೆದಿಟ್ಟ ಒಂದು ಸಂದೇಶ: ಮನೆಯ ಸಂಪರ್ಕ ಕಡಿದಿದೆ, ಎರಡು ನಿಮಿಷದಲ್ಲಿ ಮೊಬೈಲ್ ಮೂಲಕ ಮತ್ತೆ ಸೇರುತ್ತೇನೆ. ಗಾಬರಿಯಲ್ಲಿ ವಾಕ್ಯ ಕಟ್ಟಲು ಹೋಗಬಾರದೆಂದೇ ಅದನ್ನು ಮೊದಲೇ ಬರೆದಿಡುವುದು.

ಮೊಬೈಲ್ ಸಂಪರ್ಕವೂ ಬಾರದಿದ್ದರೆ ಐದು ನಿಮಿಷಕ್ಕಿಂತ ಹೆಚ್ಚು ಹೆಣಗಬೇಡಿ. ಸಂದರ್ಶನ ಗೊತ್ತುಮಾಡಿದ ಎಚ್‌ಆರ್ ಅವರ ದೂರವಾಣಿ ಸಂಖ್ಯೆಯನ್ನು ಹಿಂದಿನ ದಿನವೇ ಕೇಳಿ ಫೋನಿನಲ್ಲಿ ಉಳಿಸಿಕೊಂಡಿರಬೇಕು. ಅವರಿಗೆ ಸಾಮಾನ್ಯ ಕರೆ ಮಾಡಿ, ಎರಡೂ ಸಂಪರ್ಕ ತಪ್ಪಿದೆ, ಉಳಿದ ಭಾಗಕ್ಕೆ ಇನ್ನೊಂದು ವೇಳೆ ಕೊಡಲು ಸಾಧ್ಯವೇ ಎಂದು ಕೇಳಿ. ಸಂಪರ್ಕ ಮರಳಿದ ಮೇಲೆ, ಅಲ್ಲಿಯವರೆಗೆ ಬರೆದಿದ್ದ ಕೋಡನ್ನು ಇದ್ದ ಹಾಗೆಯೇ, ಆಮೇಲೆ ಏನನ್ನೂ ಸೇರಿಸದೆ, ಯಾವ ಸಾಲಿನಲ್ಲಿ ನಿಂತಿತ್ತು ಎಂಬುದನ್ನು ಬರೆದು ಅವರಿಗೆ ಅದೇ ದಿನ ಇಮೇಲ್ ಮಾಡಿ.